ಒಂದು ಪುಟದ ಪತ್ರ, ಐದು ವ್ಯಾಟ್‌ನ ಲೆಕ್ಕ

“ಚಿಕ್ಕಂದಿನಿಂದಲೂ ನನಗೆ ಬಾಹ್ಯಾಕಾಶವೆಂದರೆ ಪಂಚಪ್ರಾಣ.” ಪುಟ್ಟ ಉಪಗ್ರಹಗಳನ್ನು ರೂಪಿಸುವ ಕಂಪನಿಗೆ ಇಂಟರ್ನ್‌ಶಿಪ್ ಕೇಳಿ ಬರೆಯುವ ಕವರ್ ಲೆಟರ್‌ನ ಮೊದಲ ಸಾಲು ಎಷ್ಟೋ ಬಾರಿ ಇದೇ ಆಗಿರುತ್ತದೆ. ಮಾತು ಸುಳ್ಳೇನಲ್ಲ. ಆದರೆ ಅದೇ ದಿನ ಬಂದ ಉಳಿದ ಅರ್ಜಿಗಳಲ್ಲೂ ಅದೇ ಮಾತು ಇರುವುದರಿಂದ ಓದುವವರಿಗೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಅದರ ಹಿಂದೆಯೇ ಅಂಕಗಳ ವಿವರ ಬರುತ್ತದೆ, ಮ್ಯಾಟ್‌ಲ್ಯಾಬ್, ಸಾಲಿಡ್‌ವರ್ಕ್ಸ್ ಎಂದು ಸಾಫ್ಟ್‌ವೇರ್‌ಗಳ ಪಟ್ಟಿ ಬರುತ್ತದೆ. ಅವೆರಡೂ ರೆಸ್ಯೂಮೆಯಲ್ಲಿ ಆಗಲೇ ಇವೆ. ಹಾಗಾದರೆ ಪತ್ರದಲ್ಲಿ ಏನಿರಬೇಕು?

ಸಣ್ಣ ಕಂಪನಿಯಲ್ಲಿ ಈ ಪತ್ರವನ್ನು ಕೊನೆಗೆ ಓದುವವರು ಯಾರೆಂದು ನೋಡಿದರೆ ಉತ್ತರ ಸುಲಭವಾಗುತ್ತದೆ. ಭಾರತದಲ್ಲಿ 2020ರಲ್ಲಿ ಬಾಹ್ಯಾಕಾಶ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡ ಮೇಲೆ ಬೆಂಗಳೂರಿನಲ್ಲೇ ಇಂಥ ಹಲವು ಕಂಪನಿಗಳು ಬೆಳೆದಿವೆ. ಅಲ್ಲಿ ಇಂಟರ್ನ್‌ನನ್ನು ಆರಿಸುವವರು ಬಹುಮಟ್ಟಿಗೆ ಆ ಇಂಟರ್ನ್‌ಗೆ ಕೆಲಸ ಕಲಿಸಬೇಕಾದ ಎಂಜಿನಿಯರೇ. ಉಪಗ್ರಹದ ವಿದ್ಯುತ್ ವ್ಯವಸ್ಥೆಯನ್ನೋ ಉಷ್ಣ ನಿಯಂತ್ರಣವನ್ನೋ ನೋಡಿಕೊಳ್ಳುವ ಅವರ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: ಇವರ ಕೈಗೆ ಒಂದು ಸಣ್ಣ ಲೆಕ್ಕ ಕೊಟ್ಟರೆ ಅದನ್ನು ಬಿಡಿಸಿ, ಎಲ್ಲಿ ಅನುಮಾನವಿದೆಯೋ ಅದನ್ನೂ ಹೇಳಿ ವಾಪಸ್ ತರುತ್ತಾರೆಯೇ?

ಏರೋಸ್ಪೇಸ್ ಪದವೀಧರರಿಗೆ ಇಲ್ಲಿ ಒಂದು ತೊಡಕಿದೆ. ಅವರು ಓದಿರುವುದರಲ್ಲಿ ದೊಡ್ಡ ಪಾಲು ವಿಮಾನದ್ದು: ರೆಕ್ಕೆಯ ಮೇಲೆ ಗಾಳಿಯ ಹರಿವು, ಜೆಟ್ ಎಂಜಿನ್, ಕವಚದ ಬಲ. ಪುಟ್ಟ ಉಪಗ್ರಹದ ಒಳಗಾದರೋ ಹೆಚ್ಚಾಗಿ ಇರುವುದು ಎಲೆಕ್ಟ್ರಾನಿಕ್ಸ್, ಬ್ಯಾಟರಿ, ರೇಡಿಯೊ ಮತ್ತು ಸಾಫ್ಟ್‌ವೇರ್. ಹಾಗಾಗಿ “ಈ ಕೆಲಸಕ್ಕೆ ಎಲೆಕ್ಟ್ರಾನಿಕ್ಸ್ ಓದಿದವರೇ ಸಾಕಲ್ಲ?” ಎಂಬ ಅನುಮಾನ ಓದುವವರಲ್ಲಿ ಏಳುವುದು ಸಹಜ. ಆ ಅನುಮಾನಕ್ಕೆ ಉತ್ತರ ಸಿಗುವುದು ಎರಡೂ ವಿದ್ಯೆಗಳು ಕೂಡುವ ಜಾಗದಲ್ಲಿ. ಅಂಥ ಜಾಗಗಳಲ್ಲಿ ಮುಖ್ಯವಾದದ್ದು ವಿದ್ಯುತ್ ಬಜೆಟ್. ಉಪಗ್ರಹ ಎಷ್ಟು ಹೊತ್ತು ಬಿಸಿಲಲ್ಲಿರುತ್ತದೆ, ಎಷ್ಟು ಹೊತ್ತು ಭೂಮಿಯ ನೆರಳಲ್ಲಿರುತ್ತದೆ ಎಂದು ಹೇಳುವುದು ಕಕ್ಷೆಯ ಗಣಿತ, ಅಂದರೆ ಏರೋಸ್ಪೇಸ್‌ನವರ ಸ್ವಂತ ಪಾಠ. ಆ ಹೊತ್ತಿನಲ್ಲಿ ಯಾವ ಉಪಕರಣ ಓಡಬಹುದು ಎಂಬುದು ಮಾತ್ರ ಎಲೆಕ್ಟ್ರಾನಿಕ್ಸ್.

ಒಂದು ಉದಾಹರಣೆಯನ್ನು ಕಟ್ಟಿ ನೋಡೋಣ. ಅಭ್ಯರ್ಥಿ ಕೊನೆಯ ವರ್ಷದ ಪ್ರಾಜೆಕ್ಟ್‌ನಲ್ಲಿ ಕಾಗದದ ಮೇಲೆ ಮೂರು ಯೂನಿಟ್‌ನ ಒಂದು ಕ್ಯೂಬ್‌ಸ್ಯಾಟ್ ರೂಪಿಸಿದ್ದಾಳೆ ಎಂದಿಟ್ಟುಕೊಳ್ಳಿ. ಕ್ಯೂಬ್‌ಸ್ಯಾಟ್ ಎಂಬ ಮಾದರಿ 1999ರಲ್ಲಿ ಅಮೆರಿಕದ ಪ್ರೊಫೆಸರ್‌ಗಳಾದ ಜೋರ್ಡಿ ಪುಯಿಗ್-ಸುವಾರಿ ಮತ್ತು ಬಾಬ್ ಟ್ವಿಗ್ಸ್ ವಿದ್ಯಾರ್ಥಿಗಳಿಗೆಂದು ರೂಪಿಸಿದ ಅಳತೆ. ಪ್ರತಿ ಬದಿ 10 ಸೆಂಟಿಮೀಟರ್ ಇರುವ ಒಂದು ಘನ ಒಂದು ಯೂನಿಟ್; ಅಂಥ ಮೂರನ್ನು ಒಂದರ ಮೇಲೊಂದು ಇಟ್ಟರೆ ಮೂರು ಯೂನಿಟ್. ಕರ್ನಾಟಕ ಮತ್ತು ಆಂಧ್ರದ ಏಳು ಕಾಲೇಜುಗಳ ವಿದ್ಯಾರ್ಥಿಗಳು ಕೂಡಿ ಕಟ್ಟಿ, 2010ರ ಜುಲೈನಲ್ಲಿ ಪಿಎಸ್‌ಎಲ್‌ವಿಯಲ್ಲಿ ಹಾರಿದ ಸ್ಟಡ್‌ಸ್ಯಾಟ್ ಒಂದು ಕಿಲೋ ಕೂಡ ತೂಗುತ್ತಿರಲಿಲ್ಲ. ಇಷ್ಟು ಚಿಕ್ಕ ಮೈಯಲ್ಲಿ ಸೌರ ಫಲಕಕ್ಕೆ ಸಿಗುವ ಜಾಗವೂ ಚಿಕ್ಕದು. ವಿದ್ಯುತ್ ಬಿಗಿಯಾಗುವುದು ಅದರಿಂದಲೇ.

ಉಪಗ್ರಹ 500 ಕಿಲೋಮೀಟರ್ ಎತ್ತರದಲ್ಲಿ, ಧ್ರುವಗಳ ಮೇಲೆ ಹಾದುಹೋಗುವ ಕಕ್ಷೆಯಲ್ಲಿ ಸುತ್ತುತ್ತದೆ. ಆ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ ಬೇಕು. ದಿನಕ್ಕೆ 15 ಸುತ್ತು. ಹೆಚ್ಚೆಂದರೆ 36 ನಿಮಿಷ ನೆರಳು, ಉಳಿದದ್ದು ಬಿಸಿಲು. ಬಾಹ್ಯಾಕಾಶಕ್ಕೆಂದೇ ಮಾಡಿದ, ಸುಮಾರು 30 ಚದರ ಸೆಂಟಿಮೀಟರ್‌ನ ಒಂದು ಸೌರಕೋಶ ಸೂರ್ಯನಿಗೆ ನೇರ ಮುಖ ಮಾಡಿದಾಗ 1.2 ವ್ಯಾಟ್ ಕೊಡುತ್ತದೆ. ಉದ್ದನೆಯ ಒಂದು ಬದಿಯಲ್ಲಿ ಏಳು ಕೋಶ ಹಿಡಿಸಿದರೆ 8.4 ವ್ಯಾಟ್. ಆದರೆ ಫಲಕ ಯಾವಾಗಲೂ ಸೂರ್ಯನಿಗೆ ನೇರವಾಗಿರುವುದಿಲ್ಲ, ಕಾದಷ್ಟೂ ಅದರ ಇಳುವರಿ ಇಳಿಯುತ್ತದೆ. ಎಲ್ಲ ಕಳೆದು ಬಿಸಿಲಿನ ಹೊತ್ತಿನಲ್ಲಿ ಸರಾಸರಿ 5 ವ್ಯಾಟ್ ಎಂದು ಹಿಡಿಯೋಣ. ಬಿಸಿಲು ಹೆಚ್ಚುಕಡಿಮೆ ಒಂದು ಗಂಟೆ ಇರುವುದರಿಂದ ಒಂದು ಸುತ್ತಿನ ಆದಾಯ 5 ವ್ಯಾಟ್-ಗಂಟೆ.

ಇನ್ನು ಖರ್ಚು. ಕಂಪ್ಯೂಟರ್, ರಿಸೀವರ್ ಮತ್ತು ಉಪಗ್ರಹದ ದಿಕ್ಕನ್ನು ಕಾಯುವ ವ್ಯವಸ್ಥೆ ಒಂದು ಕ್ಷಣವೂ ಆರುವಂತಿಲ್ಲ. ಮೂರೂ ಸೇರಿ 1.8 ವ್ಯಾಟ್ ಎಂದರೆ 95 ನಿಮಿಷಕ್ಕೆ ಸುಮಾರು 2.85 ವ್ಯಾಟ್-ಗಂಟೆ. ಕ್ಯಾಮೆರಾ 4 ವ್ಯಾಟ್‌ನದು, ಕಾಲು ಗಂಟೆ ಓಡಿದರೆ 1. ರೇಡಿಯೊ ಟ್ರಾನ್ಸ್‌ಮಿಟರ್ 6 ವ್ಯಾಟ್‌ನದು, 8 ನಿಮಿಷಕ್ಕೆ 0.8. ಒಟ್ಟು 4.65. ಸಂಬಳಕ್ಕೆ ಖರ್ಚು ಸರಿಹೋಯಿತು ಎಂದು ಅನಿಸಬಹುದು. ಆದರೆ ಉಳಿಕೆ ಶೇ. 7 ಮಾತ್ರ. ಬ್ಯಾಟರಿಗೆ ತುಂಬಿ ಮತ್ತೆ ತೆಗೆಯುವಾಗ ಆಗುವ ನಷ್ಟವನ್ನು ಕಳೆದರೆ ಅದೂ ಕರಗುತ್ತದೆ. ವಿನ್ಯಾಸದ ಆರಂಭದಲ್ಲಿ ಐದನೇ ಒಂದು ಪಾಲಾದರೂ ಕೈಯಲ್ಲಿರಬೇಕು, ಏಕೆಂದರೆ ಮುಂದೆ ಪ್ರತಿ ಉಪಕರಣವೂ ಅಂದುಕೊಂಡದ್ದಕ್ಕಿಂತ ತುಸು ಹೆಚ್ಚೇ ತಿನ್ನುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವುದು ದೊಡ್ಡ ಫಲಕ ಬೇಕೆನ್ನುವುದು. ಬಿಚ್ಚಿಕೊಳ್ಳುವ ಫಲಕ ಹಾಕಿದರೆ ಅದು ಬಿಚ್ಚಿಕೊಳ್ಳದೆ ಉಳಿಯುವ ಅಪಾಯವೂ ಜೊತೆಗೆ ಬರುತ್ತದೆ. ನಮ್ಮ ಅಭ್ಯರ್ಥಿ ಕಕ್ಷೆಯನ್ನು ನೋಡುತ್ತಾಳೆ. ಟ್ರಾನ್ಸ್‌ಮಿಟರ್ ಪ್ರತಿ ಸುತ್ತಿನಲ್ಲೂ ಓಡುತ್ತದೆ ಎಂದು ಲೆಕ್ಕ ಹಿಡಿದಿದೆ. ಆದರೆ ಬೆಂಗಳೂರಿನಲ್ಲಿ ಒಂದೇ ಭೂಕೇಂದ್ರವಿದ್ದರೆ, ದಿನದ 15 ಸುತ್ತಿನಲ್ಲಿ ಉಪಗ್ರಹ ಅದರ ಕಣ್ಣಿಗೆ ಚೆನ್ನಾಗಿ ಬೀಳುವುದು ನಾಲ್ಕರಲ್ಲಿ ಮಾತ್ರ. ಉಳಿದ ಹನ್ನೊಂದು ಸುತ್ತಿನಲ್ಲಿ ಕೇಳುವವರಿಲ್ಲ, ಕಳುಹಿಸುವ ಅಗತ್ಯವೂ ಇಲ್ಲ. ಹಾಗೆ ಹಂಚಿದರೆ ಟ್ರಾನ್ಸ್‌ಮಿಟರ್‌ನ ಸರಾಸರಿ ಖರ್ಚು 0.8ರಿಂದ ಸುಮಾರು 0.2ಕ್ಕೆ ಇಳಿಯುತ್ತದೆ. ಒಟ್ಟು ಖರ್ಚು 4.05, ಉಳಿಕೆ ಶೇ. 19. ಒಂದು ಕೋಶವನ್ನೂ ಹೆಚ್ಚು ಹಾಕಲಿಲ್ಲ.

ಈಗ ಪತ್ರಕ್ಕೆ ಬರೋಣ. ಇಷ್ಟು ಲೆಕ್ಕವನ್ನೂ ಅದರಲ್ಲಿ ತುರುಕುವಂತಿಲ್ಲ. ಒಂದು ಪುಟದ ಪತ್ರದಲ್ಲಿ ಇದಕ್ಕೆ ಸಿಗುವುದು ಒಂದು ಪ್ಯಾರಾ. ಇಂಗ್ಲಿಷಿನಲ್ಲಿ ಬರೆಯುವ ಆ ಪ್ಯಾರಾದ ತಿರುಳು ಕನ್ನಡದಲ್ಲಿ ಹೀಗಿರಬಹುದು:

“ಆರು ಜನರ ನಮ್ಮ ತಂಡದಲ್ಲಿ ಮೂರು ಯೂನಿಟ್ ಕ್ಯೂಬ್‌ಸ್ಯಾಟ್‌ನ ವಿದ್ಯುತ್ ಬಜೆಟ್ ನನ್ನ ಹೊಣೆಯಾಗಿತ್ತು. ಮೊದಲ ಅಂದಾಜಿನಲ್ಲಿ ಪ್ರತಿ ಸುತ್ತಿಗೆ ಉಳಿಕೆ ಶೇ. 7 ಇತ್ತು. ಭೂಕೇಂದ್ರಕ್ಕೆ ಉಪಗ್ರಹ ಕಾಣುವ ಸಮಯವನ್ನು ಕಕ್ಷೆಯಿಂದ ಲೆಕ್ಕ ಹಾಕಿ, ಟ್ರಾನ್ಸ್‌ಮಿಟರ್ ದಿನಕ್ಕೆ ನಾಲ್ಕು ಸುತ್ತಿನಲ್ಲಿ ಮಾತ್ರ ಓಡಿದರೆ ಸಾಕು ಎಂದು ತೋರಿಸಿದೆ. ಫಲಕವನ್ನು ಬದಲಿಸದೆ ಉಳಿಕೆ ಶೇ. 19ಕ್ಕೆ ಏರಿತು. ಫಲಕದ ಉಷ್ಣತೆಯನ್ನು ಇಡೀ ಸುತ್ತಿಗೆ ಒಂದೇ ಎಂದು ಹಿಡಿದಿದ್ದೇನೆ. ಹಾರ್ಡ್‌ವೇರ್ ಮೇಲೆ ಪರೀಕ್ಷೆ ಆಗಿಲ್ಲ. ನಿಮ್ಮಲ್ಲಿ ಕಲಿಯಬೇಕೆಂದಿರುವುದು ಆ ಭಾಗವನ್ನೇ.”

ಇದರಲ್ಲಿ “ನಾನು” ಎಲ್ಲಿ, “ನಾವು” ಎಲ್ಲಿ ಎಂಬುದು ಸ್ಪಷ್ಟ. ಪ್ರಾಜೆಕ್ಟ್‌ಗಳ ಬಗ್ಗೆ ಬರೆಯುವಾಗ ಎಲ್ಲವನ್ನೂ “ನಾವು ಮಾಡಿದೆವು” ಎಂದುಬಿಟ್ಟರೆ ಅಭ್ಯರ್ಥಿಯ ಪಾಲೇನೆಂದು ತಿಳಿಯುವುದಿಲ್ಲ. ಎಲ್ಲವನ್ನೂ “ನಾನು” ಎಂದರೆ ನಂಬುವುದು ಕಷ್ಟ. ಇನ್ನು ಕೊನೆಯ ಮೂರು ವಾಕ್ಯಗಳನ್ನು ಬರೆಯಲು ಬಹಳ ಮಂದಿ ಹಿಂಜರಿಯುತ್ತಾರೆ, ಕೊರತೆಯನ್ನು ತಾನೇಕೆ ಹೇಳಿಕೊಳ್ಳಬೇಕೆಂದು. ಆದರೆ ಫಲಕದ ಉಷ್ಣತೆ ಬಿಸಿಲಿಗೂ ನೆರಳಿಗೂ ತೀರಾ ಬದಲಾಗುತ್ತದೆ ಎಂಬುದು ಓದುವ ಎಂಜಿನಿಯರ್‌ಗೆ ಗೊತ್ತೇ ಇರುತ್ತದೆ. ಅದನ್ನು ಹೇಳದೆ ಬಿಟ್ಟರೆ ಅಭ್ಯರ್ಥಿಗೆ ಅದು ಹೊಳೆದೇ ಇಲ್ಲ ಎಂದು ಅವರು ತೀರ್ಮಾನಿಸುತ್ತಾರೆ.

ಈ ಪ್ಯಾರಾದ ಸುತ್ತ ಉಳಿದ ಪತ್ರ ಚಿಕ್ಕದಾಗಿಯೇ ಇರಲಿ. ಮೊದಲ ಎರಡು ವಾಕ್ಯದಲ್ಲಿ ಯಾವ ಕೆಲಸಕ್ಕೆ ಅರ್ಜಿ, ಯಾವ ತಿಂಗಳಿನಿಂದ ಎಷ್ಟು ಕಾಲ ಸಿಗಬಲ್ಲೆ ಎಂಬುದು ಬಂದರೆ ಸಾಕು. ಆಮೇಲೆ ಆ ಕಂಪನಿಯ ಕೆಲಸಕ್ಕೂ ತನ್ನ ಲೆಕ್ಕಕ್ಕೂ ಏನು ನಂಟು ಎಂಬ ಒಂದು ಮಾತು. ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳ ಕಂಪನಿಯಾದರೆ, ಕ್ಯಾಮೆರಾ ಎಷ್ಟು ಹೊತ್ತು ಓಡಬಹುದು ಎಂಬುದನ್ನು ನಿರ್ಧರಿಸುವುದು ಇದೇ ಬಜೆಟ್. ರಾಕೆಟ್ ಎಂಜಿನ್ ಮೇಲಿನ ಪ್ರೀತಿಯನ್ನು ಅಂಥ ಪತ್ರದಲ್ಲಿ ಹೇಳಿಕೊಂಡರೆ, ಬೇರೆ ಕಡೆಗೆ ಬರೆದದ್ದನ್ನೇ ಇಲ್ಲಿಗೂ ಕಳಿಸಿದ್ದಾರೆ ಎಂದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಲೆಕ್ಕದ ಹಾಳೆಯನ್ನು ಎರಡು ಪುಟಕ್ಕೆ ಮೀರದಂತೆ ಪಿಡಿಎಫ್ ಮಾಡಿ ಜೊತೆಗಿಡುವುದು ಒಳ್ಳೆಯದು.

ವಿದೇಶಕ್ಕೆ ಬರೆಯುವವರು ಮೊದಲು ನೋಡಬೇಕಾದದ್ದು ಬೇರೆ. ಅಮೆರಿಕದ ರಫ್ತು ನಿಯಂತ್ರಣ ಕಾನೂನುಗಳ ಕಾರಣ ಅಲ್ಲಿನ ಅನೇಕ ಬಾಹ್ಯಾಕಾಶ ಕಂಪನಿಗಳು ತಮ್ಮ ದೇಶದ ಪ್ರಜೆಗಳು ಮತ್ತು ಗ್ರೀನ್ ಕಾರ್ಡ್ ಇರುವವರನ್ನೇ ಬಹುತೇಕ ತೆಗೆದುಕೊಳ್ಳುತ್ತವೆ. ಅಲ್ಲೇ ಎಂ.ಎಸ್. ಓದುತ್ತಿದ್ದರೂ ವಿದ್ಯಾರ್ಥಿ ವೀಸಾದಲ್ಲಿರುವ ಕನ್ನಡದ ಹುಡುಗನ ಅರ್ಜಿ ಇದೇ ಕಾರಣಕ್ಕೆ ಬಿದ್ದುಹೋಗಬಹುದು. ಜಾಹೀರಾತಿನ ಕೊನೆಯಲ್ಲಿ ಈ ಷರತ್ತು ಬರೆದಿರುತ್ತದೆ. ಪತ್ರ ತಿದ್ದುವ ಮುಂಚೆ ಅದನ್ನು ಓದಿದರೆ ಒಂದು ಸಂಜೆ ಉಳಿಯುತ್ತದೆ.

ಪತ್ರದಲ್ಲಿ ಬರೆದ ಅಂಕಿಯೇ ಸಂದರ್ಶನದ ಮೊದಲ ಪ್ರಶ್ನೆಯಾಗುತ್ತದೆ ಎಂಬುದನ್ನೂ ಮರೆಯಬಾರದು. “ಟ್ರಾನ್ಸ್‌ಮಿಟರ್ ಓಡುವ ಸುತ್ತಿನಲ್ಲೇ ಉಳಿಕೆ ಎಷ್ಟು?” ಎಂದು ಕೇಳುತ್ತಾರೆ. ಅಲ್ಲಿ ಮೊದಲಿನ ಶೇ. 7 ಹಾಗೇ ಇದೆ, ಶೇ. 19 ಎಂಬುದು ಇಡೀ ದಿನದ ಸರಾಸರಿ, ನಡುವಿನ ಏರಿಳಿತವನ್ನು ಬ್ಯಾಟರಿ ಹೊರುತ್ತದೆ. “ರಾಕೆಟ್‌ನಿಂದ ಬೇರ್ಪಟ್ಟ ಮೊದಲ ಗಂಟೆಗಳಲ್ಲಿ ಉಪಗ್ರಹ ಗಿರಗಿರನೆ ಉರುಳುತ್ತಿದ್ದರೆ?” ಆಗ 5 ವ್ಯಾಟ್‌ನ ಸರಾಸರಿಯೂ ಸಿಗುವುದಿಲ್ಲ. ಕ್ಯಾಮೆರಾ ಮುಟ್ಟದೆ, ಅತ್ಯಗತ್ಯವಾದವುಗಳನ್ನು ಮಾತ್ರ ಓಡಿಸುವ ಒಂದು ಸುರಕ್ಷಿತ ಸ್ಥಿತಿ ಬೇಕು. ವಿದ್ಯಾರ್ಥಿಗಳ ಎಷ್ಟೋ ಕ್ಯೂಬ್‌ಸ್ಯಾಟ್‌ಗಳು ಕಕ್ಷೆ ಸೇರಿದ ಮೇಲೆ ಒಂದು ಸಂಕೇತವನ್ನೂ ಕಳಿಸದೆ ಮೌನವಾಗಿವೆ. “ಗ್ರಾಹಕರು ಕ್ಯಾಮೆರಾ ಸಮಯವನ್ನು ಎರಡರಷ್ಟು ಕೇಳಿದರೆ?” ಖರ್ಚು 5.05 ಆಗುತ್ತದೆ, ಆದಾಯ 5. ಆಗದು ಎನ್ನಬೇಕು, ಇಲ್ಲವೇ ಅರ್ಧ ಗಂಟೆಯನ್ನು ಎರಡು ಸುತ್ತಿಗೊಮ್ಮೆ ಕೊಡಬಹುದು ಎನ್ನಬೇಕು. ಪತ್ರಕ್ಕೆ ಯಾವ ಅಂಕಿಯನ್ನು ಹಾಕುವುದು ಎಂದು ಆರಿಸುವಾಗ, ಇಂಥ ಮೂರು ಪ್ರಶ್ನೆಗೆ ಹಾಳೆ ನೋಡದೆ ಉತ್ತರಿಸಬಲ್ಲ ಅಂಕಿಯನ್ನೇ ಆರಿಸಬೇಕು.