ಕಲಿತವರ ಕೈಕೆಲಸವೇ ಸಾಕ್ಷಿ

ಆನ್‌ಲೈನ್ ಕೋರ್ಸನ್ನು ಹಣ ಕಟ್ಟುವ ಮುಂಚೆ ಮುಟ್ಟಿ ನೋಡಲು ಬರುವುದಿಲ್ಲ. ಆದ್ದರಿಂದ ಕೊಳ್ಳುವವರು ತಮ್ಮಂಥವರು ಯಾರಾದರೂ ಕಲಿತಿದ್ದಾರೆಯೇ ಎಂದು ಹುಡುಕುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಸಿಯಾಲ್ಡಿನಿ 1984ರ ತಮ್ಮ ಪುಸ್ತಕದಲ್ಲಿ ಈ ಸ್ವಭಾವವನ್ನೇ ‘ಸೋಷಿಯಲ್ ಪ್ರೂಫ್’ ಎಂದು ಕರೆದರು.

ಮಹಿಳೆಯೊಬ್ಬರು 1,499 ರೂಪಾಯಿಗೆ ರವಿಕೆ ಕಟಿಂಗ್ ಕೋರ್ಸ್ ಮಾರುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅವರ ಪುಟದ ತುಂಬ ‘ಸೂಪರ್ ಮೇಡಂ’, ‘ತುಂಬಾ ಚೆನ್ನಾಗಿದೆ’ ಎಂಬ ಮೆಚ್ಚುಗೆಗಳಿವೆ. ಆದರೂ ಪುಟ ನೋಡಿದ ಸಾವಿರ ಮಂದಿಯಲ್ಲಿ ಕೊಂಡವರು 12 ಜನ. ಆ ಮೆಚ್ಚುಗೆ ಸುಳ್ಳಲ್ಲ, ಆದರೆ ಓದುವವಳ ಅಳುಕಿಗೆ ಅದರಲ್ಲಿ ಉತ್ತರವಿಲ್ಲ. ಮೆಷಿನ್ ತುಳಿದು ಅಭ್ಯಾಸವಿಲ್ಲದ ತನಗೆ ಇದು ಬಂದೀತೇ, ವಿಡಿಯೊ ನೋಡಿ ತೋಳು ಕೂರಿಸಲು ಸಾಧ್ಯವೇ ಎಂಬುದು ಅವಳ ಚಿಂತೆ.

ಉತ್ತರ ಕೊಡಬಲ್ಲವರು ಕಲಿತವರೇ. ಅವರನ್ನು ಕೇಳಬೇಕಾದ ಹೊತ್ತು ಕೋರ್ಸ್ ಮುಗಿದ ಮೇಲಲ್ಲ, ಏಕೆಂದರೆ ಅನೇಕರು ಕೊನೆಯ ಪಾಠದವರೆಗೆ ಬರುವುದೇ ಇಲ್ಲ. ಮೊದಲ ರವಿಕೆ ಹೊಲಿದ ದಿನವೇ ವಾಟ್ಸಾಪ್‌ನಲ್ಲಿ ಫೋಟೊ ಕೇಳಿ, ಜೊತೆಗೆ ಮೂರು ಪ್ರಶ್ನೆ ಹಾಕಬೇಕು: ಸೇರುವ ಮೊದಲು ಯಾವ ಹೆದರಿಕೆ ಇತ್ತು? ಇದನ್ನು ಹೊಲಿಯಲು ಎಷ್ಟು ದಿನ ಹಿಡಿಯಿತು? ಇನ್ನೂ ಯಾವುದು ಕಷ್ಟವಾಗುತ್ತಿದೆ?

ಮೂರನೆಯದನ್ನು ಮಾರುವವರು ಅಳಿಸಿಹಾಕಲು ನೋಡುತ್ತಾರೆ. ಅಳಿಸಬಾರದು. ‘ಹೊಲಿಗೆ ಏನೂ ಗೊತ್ತಿರಲಿಲ್ಲ, ಒಂಬತ್ತು ದಿನ ಹಿಡಿಯಿತು, ಕಂಕುಳ ಹತ್ತಿರ ಇನ್ನೂ ಸುಕ್ಕು ಬೀಳುತ್ತೆ’ ಎಂಬ ಮಾತಿಗೆ, ಕೆಳಗೆ ಆ ಸುಕ್ಕು ಬಿಡಿಸುವುದನ್ನು ಕಲಿಸುವವರೇ ವಿವರಿಸಿದರೆ, ಹತ್ತು ‘ಸೂಪರ್’ಗಳಿಗಿಂತ ಹೆಚ್ಚು ತೂಕ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರೂ ಕೊಳ್ಳುವ ಸಂಭವ ಹೆಚ್ಚಿರುವುದು ಪೂರ್ತಿ ಐದು ಸ್ಟಾರ್‌ಗಲ್ಲ, 4.0ರಿಂದ 4.7ರೊಳಗಿನ ಸರಾಸರಿಗೆ ಎಂದು ಕಂಡಿದ್ದಾರೆ. ತೀರಾ ಒಪ್ಪವಾದದ್ದನ್ನು ಜನ ಅನುಮಾನಿಸುತ್ತಾರೆ.

ಇಂಥ ಮಾತುಗಳನ್ನು ಪುಟದ ತಳದಲ್ಲಿ ರಾಶಿ ಹಾಕದೆ, ಅಳುಕು ಹುಟ್ಟುವ ಜಾಗದಲ್ಲೇ ಇಡಬೇಕು. ಹೊಸಬಳ ಅನುಭವ ‘ಯಾರು ಸೇರಬಹುದು’ ಎಂಬಲ್ಲಿ, ಫೀಸು ದುಡಿದು ತೀರಿಸಿದವಳ ಅನುಭವ ಬೆಲೆಯ ಪಕ್ಕದಲ್ಲಿ ಇರಲಿ.

ಪುಟ ಬದಲಿಸಿದ ಮೇಲೆ ಸಾವಿರಕ್ಕೆ 20 ಮಂದಿ ಕೊಂಡರೆ ಕೂಡಲೇ ಹಿಗ್ಗಬೇಡಿ, ಇಷ್ಟು ಸಣ್ಣ ಲೆಕ್ಕದಲ್ಲಿ ಅದು ಆಕಸ್ಮಿಕವೂ ಆಗಿರಬಹುದು. ಹಳೆಯ ಪುಟವನ್ನೂ ಹೊಸದನ್ನೂ ತಲಾ ನಾಲ್ಕು ಸಾವಿರ ಮಂದಿಗೆ ತೋರಿಸಿದ ಮೇಲೂ ಅದೇ ಅಂತರ ಉಳಿದರೆ ನಂಬಬಹುದು. ಹಣ ವಾಪಸ್ ಕೇಳಿದವರನ್ನೂ ಎಣಿಸಿ. ಮಾರಾಟದ ಜೊತೆ ವಾಪಸಾತಿಯ ಪ್ರಮಾಣವೂ ಏರಿದ್ದರೆ, ಆ ಸಾಕ್ಷಿಗಳು ಕೋರ್ಸಿಗಿಂತ ದೊಡ್ಡ ಆಸೆ ಹುಟ್ಟಿಸಿವೆ ಎಂದರ್ಥ.

ಫೋಟೊ, ಹೆಸರು ಬಳಸಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಉಚಿತವಾಗಿ ಕಲಿತವರಾದರೆ ಅದನ್ನೂ ಹೇಳಿ. ಆನ್‌ಲೈನ್ ವಿಮರ್ಶೆಗಳಿಗೆ ಭಾರತದಲ್ಲಿ 2022ರಲ್ಲೇ ಐಎಸ್ 19000 ಎಂಬ ಮಾನದಂಡ ಬಂದಿದೆ. ಕೋಚಿಂಗ್ ಸಂಸ್ಥೆಗಳು ಆಯ್ಕೆಯಾದ ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಹೆಸರು, ಫೋಟೊ ಹಾಕಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ.