ಆಫ್ರಿಕದ ವಯೊಲೆಟ್ ಗಿಡಕ್ಕೆ ನೀರುಣಿಸುವ ಬಗೆ

ಟಾಂಜಾನಿಯದ ಉಸಂಬರ ಬೆಟ್ಟಗಳ ನೆರಳಿನಲ್ಲಿ ಹುಟ್ಟಿದ ಆಫ್ರಿಕನ್ ವಯೊಲೆಟ್ ಗಿಡದ ಎಲೆಗಳ ಮೇಲೆ ಮಖಮಲ್ಲಿನಂತಹ ರೋಮಗಳಿವೆ. ಬಿದ್ದ ನೀರು ಅಲ್ಲಿಯೇ ನಿಲ್ಲುತ್ತದೆ. ಕಳೆದ ಬೇಸಗೆಯಲ್ಲಿ, ಕೊಯಮತ್ತೂರಿನ ಬಿಸಿಲು ಏರಿದ್ದಾಗ, ನಮ್ಮ ಕಚೇರಿಯ ಕಿಟಕಿಯಲ್ಲಿದ್ದ ಗಿಡಕ್ಕೆ ಬಾಲಕನೊಬ್ಬನು ಕನಿಕರದಿಂದ ಹೂಜಿಯ ತಣ್ಣೀರನ್ನು ತಲೆಯ ಮೇಲಿನಿಂದ ದಿನವೂ ಎರೆದನು. ಎಲೆಗಳಲ್ಲಿ ಬಿಳಿಚಿದ ಉಂಗುರಗಳು ಮೂಡಿದವು. ಇದು ರೋಗವಲ್ಲ, ಬೆಚ್ಚಗಿನ ಎಲೆಗೆ ತಣ್ಣೀರು ಸೋಕಿದೊಡನೆ ಅಲ್ಲಿನ ಹಸುರು ಜೀವಕೋಶಗಳು ಕೆಡುತ್ತವೆ. ಆ ಕಲೆ ಅಳಿಯದು, ಆದರೆ ಹರಡುವುದೂ ಇಲ್ಲ.

ನಡುವಿನ ಸುಳಿಯು ಬಾಡುವುದು ಇದಕ್ಕಿಂತ ಗಂಡಾಂತರದ ಚಿಹ್ನೆ. ಆಗ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಒಣಗಿದ್ದರೆ ಅದು ಬಾಯಾರಿಕೆ. ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿದೆಯೆಂದು ತಿಳಿಯಬೇಕು. ನಮ್ಮದು ಒದ್ದೆಯಾಗಿತ್ತು. ಕಂದುಬೇರುಗಳನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ನೆಟ್ಟರೂ ತಾಯಿಗಿಡವು ಉಳಿಯಲಿಲ್ಲ. ತೊಟ್ಟುಸಹಿತ ನೆಟ್ಟಿದ್ದ ಒಂದು ಎಲೆಯು ಬದುಕಿತು; ಈಗ ಕಿಟಕಿಯಲ್ಲಿರುವುದು ಅದರ ಮರಿ.

ಇದಕ್ಕೆ ಹಿಂದಿನ ರಾತ್ರಿಯೇ ಕೋಣೆಯಲ್ಲಿಟ್ಟ ನೀರನ್ನು, ಮೇಲ್ಮಣ್ಣು ಒಣಗಿದಾಗ ಮಾತ್ರ, ಕುಂಡದ ಕೆಳಗಿನ ತಟ್ಟೆಯಲ್ಲಿ ಒಂದಂಗುಲ ತುಂಬುತ್ತೇವೆ. ಕುಂಡದ ತಳದ ತೂತಿನಿಂದ ಮಣ್ಣು ತನಗೆ ಬೇಕಾದಷ್ಟನ್ನು ಹೀರುತ್ತದೆ. ಅರ್ಧ ಗಂಟೆಯ ತರುವಾಯ ಮಿಕ್ಕದ್ದನ್ನು ಚೆಲ್ಲಬೇಕು; ಬಿಟ್ಟರೆ ಮತ್ತೆ ಕೊಳೆಯುವ ಭಯವುಂಟು. ಗಡಸು ಬಾವಿನೀರನ್ನು ಬಳಸುವ ಮನೆಗಳಲ್ಲಿ ಮೇಲ್ಮಣ್ಣಿನಲ್ಲಿ ಬಿಳಿಯ ಉಪ್ಪು ಕೂಡುತ್ತದೆ. ಅಂಥವರು ತಿಂಗಳಿಗೊಮ್ಮೆ ಎಲೆಗಳನ್ನು ಎತ್ತಿ ಹಿಡಿದು, ಮಣ್ಣಿಗೆ ಮಾತ್ರ ಮೇಲಿನಿಂದ ಮಳೆನೀರೆರೆದು, ಪೂರ್ತಿ ಬಸಿಯಬಿಡಬೇಕು.