ದುಡಿಯುವ ದಿನಕ್ಕೆ ತಗ್ಗು ತುರುಬು: ತುದಿಯೂ ಉಳಿಯಬೇಕು, ಮುಂದಲೆಯೂ ಉಳಿಯಬೇಕು



ಸೋಮಂದೇಪಲ್ಲಿಯಲ್ಲಿ ಮಹಿಳಾ ಸದಸ್ಯರು ಸೇರಿದಾಗಲೆಲ್ಲ ಒಂದು ಮಾತು ಬಂದೇ ಬರುತ್ತದೆ: "ಮೇಡಂ, ಕಿವಿಯ ಮೇಲೆ ಕೂದಲು ತೆಳ್ಳಗಾಗ್ತಿದೆ, ಜಡೆಯ ತುದಿ ಪೊರಕೆ ಆಗಿದೆ, ಕತ್ತರಿಸಿಬಿಡಲಾ?" ಕೇಳುವವರಲ್ಲಿ ಹಿಂದೂಪುರದ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ, ಮನೆಯಲ್ಲೇ ಮಗ್ಗದ ಕೆಲಸ ಮಾಡುವವರಿದ್ದಾರೆ, ಶಾಲೆ, ಕಚೇರಿ, ಬ್ಯಾಂಕಿಗೆ ಹೋಗುವವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಎಂದು ಇದನ್ನು ಬರೆದಿದ್ದೇವೆ. ಉದ್ದ ಕೂದಲನ್ನು ಕತ್ತರಿಸಬೇಕಾಗಿಲ್ಲ. ಅದನ್ನು ಕಟ್ಟುವ ಜಾಗ ಮತ್ತು ಕಟ್ಟುವ ಬಿಗಿ ಬದಲಾದರೆ ಸಾಕು.

ತೊಂದರೆ ಎರಡು, ಕಾರಣವೂ ಎರಡು

ತುದಿ ಸೀಳುವುದು ಬೇರೆ, ಮುಂದಲೆ ತೆಳ್ಳಗಾಗುವುದು ಬೇರೆ. ಇವೆರಡನ್ನೂ "ಕೂದಲು ಉದುರುವುದು" ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಗೊಂದಲವಾಗುತ್ತದೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟದವರೆಗೆ, ಅಂದರೆ 75 ಸೆಂಟಿಮೀಟರ್‌ನಷ್ಟು ಉದ್ದ ಇರುವವರ ಜಡೆಯ ತುದಿಗೆ ಆರು ವರ್ಷ ವಯಸ್ಸು. ಆರು ವರ್ಷದ ಬಿಸಿಲು, ಸೀಗೆಕಾಯಿ, ಶಾಂಪೂ, ಬಾಚಣಿಗೆ ಎಲ್ಲವನ್ನೂ ಕಂಡಿರುವ ಕೂದಲು ಅದು. ಮೇಲಿನ ಪದರ ಸವೆದಿರುತ್ತದೆ. ಆ ತುದಿ ದಿನವಿಡೀ ಕುರ್ಚಿಯ ಬೆನ್ನಿಗೆ, ಬಸ್ಸಿನ ಸೀಟಿಗೆ, ಸೆರಗಿನ ಪಿನ್ನಿಗೆ, ಬ್ಯಾಗಿನ ಪಟ್ಟಿಗೆ ಉಜ್ಜಿದರೆ ಕವಲೊಡೆದು ತುಂಡಾಗುತ್ತದೆ. ಇದು ಬೇರಿನ ರೋಗವಲ್ಲ, ಸವೆತ.

ಮುಂದಲೆಯ ಕಥೆ ಹಾಗಲ್ಲ. ಅಲ್ಲಿ ಕೂದಲನ್ನು ಹಿಡಿದಿರುವ ಬೇರನ್ನೇ ನಾವು ದಿನಕ್ಕೆ ಹತ್ತು ಹನ್ನೆರಡು ಗಂಟೆ ಎಳೆಯುತ್ತಿರುತ್ತೇವೆ. ಹಣೆಯ ಅಂಚಿನ ಮತ್ತು ಕಿವಿಯ ಮುಂದಿನ ಕೂದಲು ಸ್ವಭಾವದಲ್ಲೇ ಸಣ್ಣ, ಸೂಕ್ಷ್ಮ. ಬಿಗಿಯಾಗಿ ಹಿಂದಕ್ಕೆ ಬಾಚಿ ನೆತ್ತಿಯ ಹತ್ತಿರ ತುರುಬು ಕಟ್ಟಿದರೆ ಇಡೀ ಕೂದಲಿನ ಭಾರವನ್ನು ಆ ಸಣ್ಣ ಕೂದಲೇ ಹೊರಬೇಕು. ವೈದ್ಯರು ಇದನ್ನು ಟ್ರಾಕ್ಷನ್ ಅಲೊಪೀಸಿಯಾ ಎನ್ನುತ್ತಾರೆ, ಎಳೆತದಿಂದ ಬರುವ ಬೋಳು ಎಂದರ್ಥ. ಕೂದಲನ್ನು ಬಿಗಿಯಾಗಿ ಎಳೆದು ಕಟ್ಟುತ್ತಿದ್ದ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು 1907ರಲ್ಲೇ ಗುರುತಿಸಿ ಬರೆದಿದ್ದಾರೆ. ಮೊದಲ ಹಂತದಲ್ಲಿ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬೇರೇ ಸತ್ತು, ಚರ್ಮ ನುಣ್ಣಗಾಗಿ, ಮತ್ತೆ ಬರುವುದಿಲ್ಲ. ಅದಕ್ಕೇ ಇದನ್ನು ಬೇಗ ಗುರುತಿಸಬೇಕು.

ಗುರುತಿಸುವುದು ಹೀಗೆ

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬುಡದಿಂದ ಬಂದದ್ದು. ದಿನಕ್ಕೆ 50ರಿಂದ 100 ಇಂಥವು ಉದುರುವುದು ಸಹಜ. ಗುಂಡಿಲ್ಲದ ಗಿಡ್ಡ ತುಂಡುಗಳೇ ಹೆಚ್ಚಿದ್ದರೆ ಕೂದಲು ಮಧ್ಯದಲ್ಲಿ ಮುರಿಯುತ್ತಿದೆ ಎಂದರ್ಥ.

ಮುಂದಲೆಗೆ ಕನ್ನಡಿ ಸಾಕು. ಸಂಜೆ ತುರುಬು ಬಿಚ್ಚಿದಾಗ ಬುಡ ನೋಯುತ್ತದೆಯೇ? ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಅಥವಾ ಕೆಂಪು ಇದೆಯೇ? ಅಂಚಿನಲ್ಲಿ ಮಾತ್ರ ಗಿಡ್ಡ ಕೂದಲಿನ ಒಂದು ಸಾಲು ಉಳಿದು, ಅದರ ಹಿಂದೆ ಚರ್ಮ ಕಾಣುತ್ತಿದೆಯೇ? ಆ ಗಿಡ್ಡ ಸಾಲು ಕಟ್ಟಿಗೆ ಸಿಕ್ಕದೆ ಉಳಿದದ್ದು. ಅದರ ಹಿಂದಿನದು ಎಳೆತಕ್ಕೆ ಹೋದದ್ದು. ಇದು ಎಳೆತದ ಸ್ಪಷ್ಟ ಗುರುತು.

ಒಬ್ಬ ಸದಸ್ಯೆಯ ವಿಷಯ

ನಮ್ಮ ಸದಸ್ಯೆಯೊಬ್ಬರು, ಹೆಸರು ಬೇಡ, ಹೊಲಿಗೆ ಕೆಲಸಕ್ಕೆ ಹೋಗುತ್ತಾರೆ. ಕೂದಲು ಸೊಂಟದವರೆಗೆ. ಬೆಳಿಗ್ಗೆ ಐದಕ್ಕೆ ತಲೆಗೆ ಸ್ನಾನ, ಆರಕ್ಕೆ ಒದ್ದೆ ಕೂದಲಿಗೇ ರಬ್ಬರ್ ಬ್ಯಾಂಡು ಹಾಕಿ ಎತ್ತರದ ತುರುಬು, ಅದರ ಮೇಲೆ ಕೆಲಸದ ಟೋಪಿ. ಟೋಪಿಯ ಎಲಾಸ್ಟಿಕ್ ಹಣೆಯ ಅಂಚಿಗೆ ಸರಿಯಾಗಿ ಕೂರುತ್ತಿತ್ತು. ಎರಡು ವರ್ಷದಲ್ಲಿ ಎರಡೂ ಕಿವಿಯ ಮೇಲೆ ತೆಳ್ಳಗಾಯಿತು. ಎಣ್ಣೆ ಬದಲಾಯಿಸಿದರು, ಶಾಂಪೂ ಬದಲಾಯಿಸಿದರು. ಕಟ್ಟುವುದನ್ನು ಮಾತ್ರ ಬದಲಾಯಿಸಲಿಲ್ಲ.

ಅವರ ದಿನಚರಿಯಲ್ಲಿ ತಪ್ಪು ಮೂರು. ಒದ್ದೆ ಕೂದಲು ಒಣಗಿದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಬೇಗ ಮುರಿಯುತ್ತದೆ, ಅದನ್ನೇ ಬಿಗಿದು ಕಟ್ಟುತ್ತಿದ್ದರು. ಎತ್ತರದ ತುರುಬಿನ ಭಾರ ಮುಂದಲೆಯ ಮೇಲೆ ಬೀಳುತ್ತಿತ್ತು. ಬರಿಯ ರಬ್ಬರ್ ಬ್ಯಾಂಡು ದಿನವೂ ಒಂದೇ ಜಾಗದಲ್ಲಿ ಕೂದಲನ್ನು ಕತ್ತರಿಸುತ್ತಿತ್ತು. ಟೋಪಿ ಬಿಡುವಂತಿಲ್ಲ, ಅದು ಯಂತ್ರದ ಹತ್ತಿರ ಕೆಲಸ ಮಾಡುವವರ ಜೀವದ ವಿಷಯ. ಹಾಗಾಗಿ ಟೋಪಿಯ ಒಳಗೇ ಕೂರುವ ತಗ್ಗು ತುರುಬನ್ನು ಅವರಿಗೆ ಹೇಳಿಕೊಟ್ಟೆವು.

ಜಡೆ ಹೆಣೆದು ಸುತ್ತುವ ತುರುಬು

ಬೇಕಾದದ್ದು ಅಗಲ ಹಲ್ಲಿನ ಬಾಚಣಿಗೆ, ಬಟ್ಟೆ ಸುತ್ತಿದ ಒಂದು ಬ್ಯಾಂಡು, ನಾಲ್ಕು ಯು ಪಿನ್ನು. ಕೂದಲು ಪೂರ್ತಿ ಒಣಗಿರಬೇಕು. ತಲೆಸ್ನಾನವನ್ನು ಕೆಲಸದ ಹಿಂದಿನ ಸಂಜೆಗೆ ಅಥವಾ ವಾರದ ರಜೆಗೆ ಇಟ್ಟುಕೊಳ್ಳಿ.

ಮೊದಲು ತುದಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ. ಸಿಕ್ಕನ್ನು ತುದಿಯಿಂದ ಬಿಡಿಸುತ್ತಾ ಮೇಲಕ್ಕೆ ಬನ್ನಿ. ಬುಡದಿಂದ ಕೆಳಕ್ಕೆ ಎಳೆದರೆ ಎಲ್ಲ ಸಿಕ್ಕೂ ಹಳೆಯ ತುದಿಯಲ್ಲಿ ಸೇರಿ ಗಂಟಾಗುತ್ತದೆ.

ಆಮೇಲೆ ಕೂದಲನ್ನೆಲ್ಲ ಹಿಂದಕ್ಕೆ ತಂದು ಕತ್ತಿನ ಮೇಲೆ, ಹಿಂದಲೆಯ ಕೂದಲು ಶುರುವಾಗುವ ತಗ್ಗಿನಲ್ಲಿ ಹಿಡಿಯಿರಿ. ಬ್ಯಾಂಡು ಹಾಕಬೇಡಿ. ಗದ್ದವನ್ನು ಎದೆಗೆ ತಾಗಿಸಿ ನೋಡಿ. ಎಲ್ಲಾದರೂ ಬುಡ ಜಗ್ಗಿದರೆ ಕೈ ಸಡಿಲ ಮಾಡಿ. ನಂತರ ಎರಡೂ ಹೆಬ್ಬೆರಳಿನಿಂದ ಕಿವಿಯ ಮುಂದಿನ ಕೂದಲನ್ನು ಅರ್ಧ ಬೆರಳಿನಷ್ಟು ಮುಂದಕ್ಕೆ ತಳ್ಳಿ. ಅಷ್ಟು ಸಡಿಲ ಮುಂದಲೆಗೆ ಬೇಕು. ನೋಡುವವರಿಗೆ ಅದು ಕೆದರಿದಂತೆ ಕಾಣುವುದಿಲ್ಲ.

ಈಗ ಮೂರು ಕಾಲಿನ ಜಡೆ ಹೆಣೆಯಿರಿ. ಮೊದಲ ಮೂರು ಹೆಣಿಗೆ ಸಡಿಲವಾಗಿರಲಿ, ಅಲ್ಲಿಂದ ಕೆಳಗೆ ಸಾಮಾನ್ಯ ಬಿಗಿ. ಬಿಡಿ ಕೂದಲನ್ನೇ ಸುತ್ತಿ ತುರುಬು ಮಾಡಿದರೆ ಎಳೆಗಳು ಒಂದರ ಮೇಲೊಂದು ಜಾರಿ ಸಿಕ್ಕಾಗುತ್ತವೆ, ಹೆಣೆದರೆ ಎಲ್ಲವೂ ಒಂದೇ ಹಗ್ಗದಂತೆ ಇರುತ್ತವೆ. ತುದಿಗೆ ನಾಲ್ಕು ಬೆರಳು ಉಳಿದಾಗ ನಿಲ್ಲಿಸಿ, ಉಳಿದದ್ದನ್ನು ಮೇಲಕ್ಕೆ ಮಡಚಿ, ಜಡೆಗೆ ಸೇರಿಸಿ ಬ್ಯಾಂಡು ಹಾಕಿ. ಬ್ಯಾಂಡು ಎರಡು ಸುತ್ತು ಸಾಕು.

ಜಡೆಯನ್ನು ಅದರ ಬುಡದ ಸುತ್ತಲೇ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿ, ಮಡಚಿದ ತುದಿಯನ್ನು ಸುತ್ತಿನ ಅಡಿಗೆ ತೂರಿಸಿ. ಪಿನ್ನು ಹಾಕುವುದರಲ್ಲೇ ಹೆಚ್ಚಿನವರು ತಪ್ಪುವುದು. ಪಿನ್ನಿನ ಕಾಲುಗಳನ್ನು ಮೊದಲು ಹೊರಮುಖವಾಗಿ ಹಿಡಿದು, ಸುತ್ತಿನ ಅಂಚಿನ ಸ್ವಲ್ಪ ಕೂದಲನ್ನೂ ತಲೆಗೆ ಅಂಟಿದ ಸ್ವಲ್ಪ ಕೂದಲನ್ನೂ ಹಿಡಿಸಿ, ಆಮೇಲೆ ತಿರುಗಿಸಿ ತುರುಬಿನ ನಡುವಿಗೆ ತಳ್ಳಿ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು. ಹೀಗೆ ಹಾಕಿದ ನಾಲ್ಕು ಪಿನ್ನು ನೇರವಾಗಿ ಚುಚ್ಚಿದ ಹತ್ತಕ್ಕಿಂತ ಗಟ್ಟಿ.

ಕೊನೆಗೆ ತಲೆ ಅಲ್ಲಾಡಿಸಿ ನೋಡಿ, ತುರುಬು ಕದಲಬಾರದು. ತುರುಬಿನ ಅಡಿಗೆ ಒಂದು ಬೆರಳು ಹೋಗಬೇಕು. ಹತ್ತು ನಿಮಿಷದ ನಂತರವೂ ಎಲ್ಲಾದರೂ ನೋಯುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಿ. "ಅಭ್ಯಾಸವಾಗುತ್ತೆ" ಎಂದು ಬಿಡಬೇಡಿ, ಅಭ್ಯಾಸವಾಗುವುದು ನೋವು ಮಾತ್ರ. ಬಸ್ಸಿನಲ್ಲಿ ಹಿಂದಕ್ಕೆ ಒರಗಿದರೂ ಈ ತುರುಬು ಕತ್ತಿನ ತಗ್ಗಿನಲ್ಲಿ ಕೂರುತ್ತದೆ, ಪಿನ್ನು ತಲೆಗೆ ಒತ್ತುವುದಿಲ್ಲ.

ಟೋಪಿ ಹಾಕುವವರು ಒಳಗೆ ನುಣುಪಾದ ಹಳೆಯ ರೇಷ್ಮೆ ಬಟ್ಟೆಯ ಪಟ್ಟಿಯನ್ನು ಹಣೆಯ ಅಂಚಿಗೆ ಇಟ್ಟುಕೊಳ್ಳಿ. ಎಲಾಸ್ಟಿಕ್ ಕೂದಲಿಗೆ ಉಜ್ಜುವುದು ತಪ್ಪುತ್ತದೆ. ಮಗ್ಗದ ಊರಿನಲ್ಲಿ ಅಂಥ ತುಂಡಿಗೇನು ಬರ! ಪವರ್‌ಲೂಮ್ ಇರುವ ಮನೆಯಲ್ಲಿ ಮಾತ್ರ ಇಳಿಬಿಟ್ಟ ಜಡೆ, ನೇತಾಡುವ ರಿಬ್ಬನ್ನು ಯಾವತ್ತೂ ಬೇಡ.

ತುರುಬು ಬೇಡ, ಜಡೆಯೇ ಬೇಕು ಎನ್ನುವವರಿಗೆ

ಕಚೇರಿ, ಶಾಲೆಗೆ ಹೋಗುವವರು ಇದೇ ಜಡೆಯನ್ನು ಸುತ್ತದೆ, ಅರ್ಧಕ್ಕೆ ಮೇಲಕ್ಕೆ ಮಡಚಿ ಬುಡದ ಹತ್ತಿರ ಕಟ್ಟಬಹುದು. ಹಿಂದೆ ಶಾಲೆಗೆ ಹೋಗುವ ಹುಡುಗಿಯರಿಗೆ ರಿಬ್ಬನ್ ಹಾಕಿ ಮಡಚಿ ಕಟ್ಟುತ್ತಿದ್ದರಲ್ಲ, ಅದೇ. ತುದಿ ಕುರ್ಚಿಗೆ ತಾಗುವುದಿಲ್ಲ. ಆದರೆ ಕಿವಿಯ ಮೇಲಿನಿಂದಲೇ ಬಿಗಿದು ಎರಡು ಜಡೆ ಹಾಕುವುದು ಮಕ್ಕಳಿಗೂ ಬೇಡ. ಬೈತಲೆಯನ್ನು ವಾರಕ್ಕೊಮ್ಮೆ ಒಂದು ಬೆರಳು ಆಚೀಚೆ ಸರಿಸಿ. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ತೆಗೆದರೆ ಬೈತಲೆ ಅಗಲವಾಗುತ್ತದೆ.

ಹೂವಿನ ಬಗ್ಗೆಯೂ ಒಂದು ಮಾತು. ನೀರು ಚಿಮುಕಿಸಿದ ಎರಡು ಮೊಳ ಮಲ್ಲಿಗೆಗೆ ಭಾರವಿದೆ. ಅದನ್ನು ಕಿವಿಯ ಮೇಲೆ ಕ್ಲಿಪ್ಪಿಗೆ ನೇತುಹಾಕದೆ ತುರುಬಿನ ಸುತ್ತ ಮುಡಿಯಿರಿ. ಲೇಪಾಕ್ಷಿ ವೀರಭದ್ರ ದೇವಸ್ಥಾನದ ಚಾವಣಿಯ ಚಿತ್ರಗಳಲ್ಲಿ ಹೆಂಗಸರ ಮುಡಿಯನ್ನು ಗಮನಿಸಿ ನೋಡಿ. ಉದ್ದ ಕೂದಲನ್ನು ಕಟ್ಟುವುದರಲ್ಲಿ ನಮ್ಮ ಸೀಮೆಗೆ ಹಳೆಯ ಅನುಭವವಿದೆ.

ಎಷ್ಟು ದಿನ, ಎಲ್ಲಿಯವರೆಗೆ

ಆ ಸದಸ್ಯೆಗೆ ಸಂಜೆಯ ನೋವು ಮೊದಲ ವಾರದಲ್ಲೇ ಹೋಯಿತು. ಕಿವಿಯ ಮೇಲೆ ಸಣ್ಣ ಕೂದಲು ಕಾಣಲು ನಾಲ್ಕು ತಿಂಗಳಾಯಿತು. ಎಡಗಡೆ ಒಂದು ಕಾಸಿನಗಲ ಜಾಗ ಇನ್ನೂ ನುಣ್ಣಗಿದೆ, ಅದು ಬರುವುದು ಅನುಮಾನ ಎಂದು ಚರ್ಮ ವೈದ್ಯರು ಹೇಳಿದ್ದಾರೆ. ಇನ್ನೊಂದು ವರ್ಷ ಮೊದಲೇ ಕೇಳಿದ್ದರೆ ಎಂದು ಅವರೇ ಹೇಳಿದರು. ಸೀಳಿದ ತುದಿಯೂ ಮತ್ತೆ ಕೂಡಿಕೊಳ್ಳುವುದಿಲ್ಲ. ಎರಡು ಬೆರಳಿನಷ್ಟು ಕತ್ತರಿಸಿ, ಆಮೇಲಿನದನ್ನು ಕಾಪಾಡಬೇಕು.

ಬರೀ ಅಂಚಿನಲ್ಲಲ್ಲದೆ ತಲೆಯ ತುಂಬ ಕೂದಲು ಉದುರುತ್ತಿದ್ದರೆ, ಅಥವಾ ದುಂಡಗೆ ಬೋಳಾಗಿದ್ದರೆ, ಅದು ಕಟ್ಟುವುದರಿಂದ ಬಂದದ್ದಲ್ಲ. ರಕ್ತಹೀನತೆ, ಥೈರಾಯ್ಡ್, ಬಾಣಂತನ ಹೀಗೆ ಬೇರೆ ಕಾರಣಗಳಿರುತ್ತವೆ. ಅದಕ್ಕೆ ತುರುಬು ಬದಲಾಯಿಸಿ ಕಾಯದೆ ವೈದ್ಯರಿಗೆ ತೋರಿಸಿ. ಮೂರು ತಿಂಗಳು ಸಡಿಲ ಕಟ್ಟಿದರೂ ಅಂಚು ಹಿಂದಕ್ಕೇ ಸರಿಯುತ್ತಿದ್ದರೂ ಹಾಗೇ ಮಾಡಿ.

ಮುಂದಿನ ಸಲ ಸೋಮಂದೇಪಲ್ಲಿಯಲ್ಲಿ ಸೇರಿದಾಗ ಪಿನ್ನು ತಿರುಗಿಸುವುದನ್ನು ಎದುರಿಗೇ ಮಾಡಿ ತೋರಿಸುತ್ತೇವೆ. ಬರಹದಲ್ಲಿ ಅದೊಂದೇ ಕಷ್ಟ. ಬರುವವರು ತಮ್ಮ ತಮ್ಮ ಬಾಚಣಿಗೆ ಮತ್ತು ನಾಲ್ಕು ಯು ಪಿನ್ನು ತನ್ನಿ. ಕೂದಲು ಒಣಗಿರಲಿ.

ಇಂತು,
ಕಾರ್ಯದರ್ಶಿ